ಮೆಟ್ರೋಗೆ 13 ವ್ಯಾಟ್, ಮನೆಗೆ ಕಿವಿಯ ಲೆಕ್ಕ

ಪ್ರಶ್ನೆ: ಸರ್, ನನ್ನ ಹತ್ತಿರ ಎರಡು ವರ್ಷ ಹಳೆಯ ರಾಗ್ ಅಲೈ ಗೇಮಿಂಗ್ ಹ್ಯಾಂಡ್‌ಹೆಲ್ಡ್ ಇದೆ. Z1 Extreme, 40 ವ್ಯಾಟ್-ಅವರ್ ಬ್ಯಾಟರಿ. ಕೆಂಗೇರಿಯಿಂದ ವೈಟ್‌ಫೀಲ್ಡ್‌ಗೆ ದಿನಾ ಮೆಟ್ರೋದಲ್ಲಿ ಹೋಗ್ತೀನಿ, ಒಂದೂವರೆ ಗಂಟೆ ಹತ್ತಿರ ಆಗುತ್ತೆ. ಟರ್ಬೋದಲ್ಲಿ ಆಡಿದ್ರೆ ಒಂದು ಗಂಟೆಗೇ ಬ್ಯಾಟರಿ ಖಾಲಿ. ಸೈಲೆಂಟ್‌ಗೆ ಹಾಕಿದ್ರೆ ದೊಡ್ಡ ಆಟಗಳು ತೆವಳ್ತವೆ. ರಾತ್ರಿ ಮನೇಲಿ ಆಡೋಣ ಅಂದ್ರೆ ಫ್ಯಾನ್ ಸದ್ದಿಗೆ ಮಗು ಎದ್ದುಬಿಡುತ್ತೆ. ಎಷ್ಟು ವ್ಯಾಟ್ ಇಟ್ಟರೆ ಮೂರೂ ಸರಿಹೋಗುತ್ತೆ?

ಉತ್ತರ: ಮೂರನ್ನೂ ಒಂದೇ ನಂಬರಿನಲ್ಲಿ ಹಿಡಿಯಲು ಹೋಗಬೇಡಿ. ಮೆಟ್ರೋ ಸುರಂಗದೊಳಗೆ ಓಡುವಾಗ ನಿಮ್ಮ ಫ್ಯಾನ್ ಸದ್ದು ಪಕ್ಕದವರಿಗಿರಲಿ, ನಿಮಗೇ ಕೇಳಿಸುವುದಿಲ್ಲ. ಅಲ್ಲಿ ಜಗಳ ಬ್ಯಾಟರಿಗೂ ಫ್ರೇಮ್‌ಗಳಿಗೂ ಮಾತ್ರ. ಮನೆಯಲ್ಲಿ ಚಾರ್ಜರ್ ಗೋಡೆಯಲ್ಲಿರುತ್ತದೆ, ಬ್ಯಾಟರಿಯ ಚಿಂತೆ ಇಲ್ಲ. ಅಲ್ಲಿ ಜಗಳ ಫ್ಯಾನ್‌ಗೂ ಫ್ರೇಮ್‌ಗಳಿಗೂ. ಹಾಗಾಗಿ ನಿಮಗೆ ಬೇಕಾಗಿರುವುದು ಎರಡು ಪ್ರೊಫೈಲ್. ಒಂದರ ನಂಬರನ್ನು ಬ್ಯಾಟರಿ ಹೇಳುತ್ತದೆ, ಇನ್ನೊಂದರದ್ದನ್ನು ನಿಮ್ಮ ಕಿವಿ ಹೇಳುತ್ತದೆ.

ಮೊದಲು ಮೆಟ್ರೋ ಲೆಕ್ಕ ಮಾಡೋಣ. ಇದನ್ನು ಹಿಂದಿನಿಂದ ಮಾಡಬೇಕು. ಎಷ್ಟು ಹೊತ್ತು ಆಡಬೇಕು ಅನ್ನುವುದನ್ನು ಮೊದಲು ಇಟ್ಟುಕೊಂಡು, ಅಲ್ಲಿಂದ ವ್ಯಾಟ್‌ಗೆ ಬರಬೇಕು.

ಎರಡು ವರ್ಷ ಆಗಿದೆ ಅಂದರೆ ನಿಮ್ಮ ಬ್ಯಾಟರಿ ಈಗ 40 ವ್ಯಾಟ್-ಅವರ್ ಇರುವುದು ಅನುಮಾನ. ವಿಂಡೋಸ್‌ನಲ್ಲಿ ಟರ್ಮಿನಲ್ ತೆರೆದು ಇದನ್ನು ಕೊಡಿ:

```
powercfg /batteryreport
```

ಒಂದು ಎಚ್‌ಟಿಎಂಎಲ್ ಫೈಲ್ ಸಿಗುತ್ತದೆ. ಅದರಲ್ಲಿ DESIGN CAPACITY ಅಂತ ಒಂದು ಸಾಲು, ಅದರ ಕೆಳಗೆ FULL CHARGE CAPACITY ಅಂತ ಇನ್ನೊಂದು ಸಾಲು ಇರುತ್ತದೆ. ಲೆಕ್ಕಕ್ಕೆ ಬೇಕಾಗಿರುವುದು ಎರಡನೆಯದು. ನನ್ನ ಮೆಷಿನ್‌ನಲ್ಲಿ ಅದು 36,000 ಮಿಲಿವ್ಯಾಟ್-ಅವರ್ ಹತ್ತಿರ ಬಂದು ನಿಂತಿದೆ, ಅಂದರೆ 36 ವ್ಯಾಟ್-ಅವರ್. ನಿಮ್ಮದರಲ್ಲಿ ಬೇರೆ ಇರಬಹುದು. ಸದ್ಯಕ್ಕೆ ಇದನ್ನೇ ಇಟ್ಟುಕೊಳ್ಳೋಣ.

ಕೊನೆಯ ಹತ್ತು ಪರ್ಸೆಂಟ್ ಮುಟ್ಟಬೇಡಿ. ಆ ಹೊತ್ತಿಗೆ ವಿಂಡೋಸ್ ತಾನೇ ಉಳಿತಾಯ ಶುರು ಮಾಡುತ್ತದೆ, ಮೆಷಿನ್ ಯಾವಾಗ ಆರುತ್ತದೋ ಅನ್ನುವ ಭಯ ಬೇರೆ. ಹಾಗಾಗಿ ಕೈಗೆ ಸಿಗುವುದು 32 ಚಿಲ್ಲರೆ. ಒಂದೂವರೆ ಗಂಟೆಗೆ ಹಂಚಿದರೆ ಸುಮಾರು 21.5 ವ್ಯಾಟ್. ಇಡೀ ಮೆಷಿನ್ ಇಷ್ಟರಲ್ಲೇ ಬದುಕಬೇಕು.

ಇಲ್ಲೇ ಜಾಸ್ತಿ ಜನ ಎಡವುವುದು. ಅಸುಸ್‌ನ ಆರ್ಮರಿ ಕ್ರೇಟ್ ಆ್ಯಪ್‌ನಲ್ಲಿ ನೀವು ಇಡುವ ವ್ಯಾಟ್ ಚಿಪ್‌ಗೆ ಮಾತ್ರ. ಪರದೆ, ರ‍್ಯಾಮ್, ಎಸ್‌ಎಸ್‌ಡಿ, ವೈಫೈ, ಫ್ಯಾನ್, ವೋಲ್ಟೇಜ್ ಇಳಿಸುವಾಗ ಬಿಸಿಯಾಗಿ ಹೋಗುವ ಕರೆಂಟ್, ಇವೆಲ್ಲ ಆ ಲೆಕ್ಕದಲ್ಲಿಲ್ಲ. ಅವು ಎಷ್ಟು ತಿನ್ನುತ್ತವೆ ಅಂತ ನೋಡಲು HWiNFO64 ಹಾಕಿಕೊಳ್ಳಿ. ಚಾರ್ಜರ್ ತೆಗೆದು ಆಟ ಓಡಿಸುತ್ತಾ, ಅದರಲ್ಲಿ ಬ್ಯಾಟರಿಯ ಕೆಳಗೆ Charge Rate ಅನ್ನುವ ಸಾಲು ನೋಡಿ. ಅಲ್ಲಿ ಮೈನಸ್ ಗುರುತಿನ ಜೊತೆ ಬರುವುದೇ ಬ್ಯಾಟರಿಯಿಂದ ನಿಜವಾಗಿ ಹೊರಗೆ ಹೋಗುತ್ತಿರುವ ವ್ಯಾಟ್. ಅದರಿಂದ CPU Package Power ಕಳೆಯಿರಿ. ನನಗೆ ಅರ್ಧ ಬ್ರೈಟ್‌ನೆಸ್‌ನಲ್ಲಿ ಸುಮಾರು 8 ವ್ಯಾಟ್ ಬಂತು. ಟರ್ಬೋದ 25 ವ್ಯಾಟ್‌ನಲ್ಲಿ ಫ್ಯಾನ್ ಜೋರಾಗಿ ತಿರುಗುವುದರಿಂದ ಇದು ಇನ್ನೂ ಒಂದೆರಡು ವ್ಯಾಟ್ ಮೇಲಕ್ಕೆ ಹೋಗುತ್ತದೆ. ಒಟ್ಟು 35 ವ್ಯಾಟ್ ಹತ್ತಿರ ಬಂತಲ್ಲ, ನಿಮ್ಮ ಬ್ಯಾಟರಿ ಗಂಟೆಗೇ ಖಾಲಿಯಾಗುವುದು ಅದಕ್ಕೇ.

21.5ರಲ್ಲಿ 8 ತೆಗೆದರೆ 13.5. ಚಿಪ್‌ಗೆ 13 ವ್ಯಾಟ್ ಅಂತ ಇಟ್ಟುಕೊಳ್ಳಿ. ಇದೇ ನಿಮ್ಮ ಮೆಟ್ರೋ ನಂಬರ್. 10ರ ಸೈಲೆಂಟ್ ಅಲ್ಲ, 15ರ ಪರ್ಫಾರ್ಮೆನ್ಸ್ ಕೂಡ ಅಲ್ಲ, ಎರಡರ ನಡುವೆ.

ಈ 8 ವ್ಯಾಟ್ ಇನ್ನೊಂದು ವಿಷಯವನ್ನೂ ಹೇಳುತ್ತದೆ. ನೀವು ಚಿಪ್ಪನ್ನು 13ರಿಂದ 9ಕ್ಕೆ ಇಳಿಸಿದರೂ ಒಟ್ಟು ಖರ್ಚು ಇಳಿಯುವುದು 21ರಿಂದ 17ಕ್ಕೆ. ಚಿಪ್‌ನ ಮೂರನೇ ಒಂದು ಪಾಲು ಕಿತ್ತುಕೊಂಡರೂ ಬ್ಯಾಟರಿ ಕಾಲು ಭಾಗವಷ್ಟೇ ಹೆಚ್ಚು ಬಾಳುತ್ತದೆ. ಆಟಕ್ಕೆ ಆಗುವ ಪೆಟ್ಟು ಮಾತ್ರ ಬಹಳ ದೊಡ್ಡದು. ಅದನ್ನು ಈಗ ನೋಡೋಣ.

ನಿಮ್ಮ ಆಟದಲ್ಲಿ ಅತಿ ಭಾರವಾದ ಒಂದು ಜಾಗ ಹುಡುಕಿ. ಜನ ತುಂಬಿದ ಸಂತೆ, ಮಳೆ ಸುರಿಯುವ ಬೀದಿ, ಅಂಥದ್ದು. ಅಲ್ಲೇ ನಿಂತು, ಕ್ಯಾಮೆರಾ ಅಲ್ಲಾಡಿಸದೆ, ಫ್ರೇಮ್ ಲಿಮಿಟ್ ಪೂರ್ತಿ ತೆಗೆದು, ವ್ಯಾಟ್ ಒಂದೊಂದೇ ಇಳಿಸುತ್ತಾ ಹೋಗಿ. ಒಂದೊಂದರಲ್ಲೂ ಅರ್ಧ ನಿಮಿಷ ಕಾಯಿರಿ. ನಾನು ಒಂದು ಓಪನ್ ವರ್ಲ್ಡ್ ಆಟದಲ್ಲಿ 900ಪಿ, ಮೀಡಿಯಂ ಸೆಟ್ಟಿಂಗ್‌ನಲ್ಲಿ ಹೀಗೆ ಮಾಡಿದಾಗ 25 ವ್ಯಾಟ್‌ಗೆ ಸೆಕೆಂಡಿಗೆ 61 ಫ್ರೇಮ್ ಬಂತು. 15ಕ್ಕೆ ಇಳಿಸಿದರೆ 50. ಹತ್ತು ವ್ಯಾಟ್ ಉಳಿಯಿತು, ಹೋದದ್ದು ಹನ್ನೊಂದು ಫ್ರೇಮ್. 13ಕ್ಕೆ 44. ಅಲ್ಲಿಂದ ಕೆಳಗೆ ನೆಲವೇ ಜಾರುತ್ತದೆ: 11ಕ್ಕೆ 36, 9ಕ್ಕೆ 25. ಬರೀ ನಾಲ್ಕು ವ್ಯಾಟ್‌ಗೆ ಹತ್ತೊಂಬತ್ತು ಫ್ರೇಮ್ ಹೋಯಿತು.

ಮೇಲ್ಗಡೆ ಯಾಕೆ ಅಷ್ಟು ದಂಡ? ಚಿಪ್‌ನ ಕ್ಲಾಕ್, ಅಂದರೆ ಗಡಿಯಾರದ ವೇಗ ಏರಿಸಬೇಕಾದರೆ ವೋಲ್ಟೇಜ್ ಕೂಡ ಏರಿಸಬೇಕು, ಖರ್ಚು ವೋಲ್ಟೇಜಿನ ವರ್ಗದ ಲೆಕ್ಕದಲ್ಲಿ ಏರುತ್ತದೆ. ಕೊನೆಯ ಸ್ವಲ್ಪ ವೇಗಕ್ಕೆ ಬೆಲೆ ಜಾಸ್ತಿ. ಜೊತೆಗೆ ಸಿಪಿಯು, ಜಿಪಿಯು ಎರಡೂ ಒಂದೇ ರ‍್ಯಾಮ್ ಹಂಚಿಕೊಳ್ಳುತ್ತವೆ. ಜಿಪಿಯು ಎಷ್ಟೇ ವೇಗವಾಗಿ ಓಡಿದರೂ ಒಂದು ಹಂತದ ಮೇಲೆ ರ‍್ಯಾಮ್‌ನಿಂದ ಡೇಟಾ ಬರಲಿ ಅಂತ ಕಾಯುತ್ತಾ ಕೂರುತ್ತದೆ. ಕೆಳಗಡೆ ಕಥೆ ಬೇರೆ. ಚಿಪ್ ಒಳಗೂ ಒಂದಿಷ್ಟು ಭಾಗ, ಮೆಮೊರಿ ಕಂಟ್ರೋಲರ್ ಮತ್ತು ಒಳಗಿನ ದಾರಿಗಳು, ಏನೇ ಆದರೂ ಮೂರ್ನಾಲ್ಕು ವ್ಯಾಟ್ ತೆಗೆದುಕೊಳ್ಳುತ್ತವೆ. 13 ಕೊಟ್ಟಾಗ ಆಟಕ್ಕೆ ಒಂಬತ್ತು ಉಳಿಯುತ್ತದೆ. 9 ಕೊಟ್ಟಾಗ ಉಳಿಯುವುದು ಐದು. ಸೈಲೆಂಟ್‌ನಲ್ಲಿ ಆಟ ತೆವಳುವುದು ಇದಕ್ಕೇ. ಸ್ಟೀಮ್ ಡೆಕ್ ಇರುವ ಗೆಳೆಯರು 8 ವ್ಯಾಟ್‌ನಲ್ಲಿ ಚೆನ್ನಾಗಿ ಓಡುತ್ತೆ ಅಂದರೆ ನಂಬಿ, ಆದರೆ ಅವರ ನಂಬರನ್ನು ನಿಮ್ಮ ಮೆಷಿನ್‌ಗೆ ಹಾಕಬೇಡಿ. ಅದರ ಚಿಪ್ಪನ್ನು 4ರಿಂದ 15 ವ್ಯಾಟ್‌ಗೇ ಅಂತ ಮಾಡಿದ್ದು.

ಈಗ ಫ್ರೇಮ್ ಲಿಮಿಟ್. ವ್ಯಾಟ್ ಮಿತಿಗಿಂತ ಇದೇ ದೊಡ್ಡ ಹಿಡಿತ ಅನ್ನುವುದು ನನ್ನ ಅಭಿಪ್ರಾಯ. ವ್ಯಾಟ್ ಮಿತಿ ಅಂದರೆ ಇಷ್ಟರ ಮೇಲೆ ಖರ್ಚು ಮಾಡಬೇಡ ಅಂತ ಹೇಳಿದ ಹಾಗೆ. ಅದೊಂದನ್ನೇ ಇಟ್ಟರೆ ಆಟ ಆ ಮಿತಿಯ ತನಕ ಪೂರ್ತಿ ಖರ್ಚು ಮಾಡಿಯೇ ಮಾಡುತ್ತದೆ, ಖಾಲಿ ಗೋಡೆ ನೋಡುತ್ತಾ ನಿಂತಿದ್ದರೂ ಅಷ್ಟೇ. ಫ್ರೇಮ್ ಲಿಮಿಟ್ ಅಂದರೆ ಇಷ್ಟು ಕೆಲಸ ಸಾಕು ಅಂದ ಹಾಗೆ. ಹಗುರವಾದ ಜಾಗದಲ್ಲಿ ಚಿಪ್ ಬೇಗ ಕೆಲಸ ಮುಗಿಸಿ ಉಸಿರು ಬಿಡುತ್ತದೆ. ಎರಡೂ ಒಟ್ಟಿಗೆ ಇರಬೇಕು.

ನಿಮಗೆ ನಾನು ಹೇಳುವುದು 40. ಮೂವತ್ತು ಬೇಡ. ಯಾಕೆಂದರೆ ಕಣ್ಣಿಗೆ ಬೀಳುವುದು ಒಂದು ಫ್ರೇಮಿನಿಂದ ಇನ್ನೊಂದಕ್ಕೆ ಹಿಡಿಯುವ ಸಮಯ. 30ರಲ್ಲಿ ಅದು 33.3 ಮಿಲಿಸೆಕೆಂಡ್, 60ರಲ್ಲಿ 16.7. ಸರಿಯಾಗಿ ನಟ್ಟನಡುವೆ ಇರುವುದು 25, ಅಂದರೆ 40 ಫ್ರೇಮ್. ನಂಬರಿನಲ್ಲಿ ಹತ್ತೇ ಫ್ರೇಮ್ ಜಾಸ್ತಿ, ಕಣ್ಣಿಗೆ ಮಾತ್ರ ಅರ್ಧ ದಾರಿ ಬಂದ ಹಾಗೆ. ಒಂದೇ ಷರತ್ತು, ಪರದೆ 120 ಹರ್ಟ್ಸ್‌ನಲ್ಲೇ ಇರಲಿ. ಬ್ಯಾಟರಿ ಉಳಿಸುತ್ತೇನೆ ಅಂತ 60ಕ್ಕೆ ಇಳಿಸಿದರೆ 40 ಫ್ರೇಮ್ 60ರೊಳಗೆ ಸಮನಾಗಿ ಕೂರುವುದಿಲ್ಲ. ಒಂದು ಫ್ರೇಮ್ ಒಂದು ಸಲ ಕಾಣುತ್ತದೆ, ಮುಂದಿನದ್ದು ಎರಡು ಸಲ. ಕ್ಯಾಮೆರಾ ತಿರುಗಿಸಿದಾಗ ಕುಂಟಿದ ಹಾಗಾಗುತ್ತದೆ. 120ರಲ್ಲಿ ಪ್ರತಿ ಫ್ರೇಮ್ ಸರಿಯಾಗಿ ಮೂರು ಸಲ ಬರುತ್ತದೆ.

ಲಿಮಿಟ್ ಹಾಕುವುದು ಒಂದೇ ಕಡೆ. ಮೆಷಿನ್‌ನ ಶಾರ್ಟ್‌ಕಟ್ ಮೆನುವಾದ ಕಮಾಂಡ್ ಸೆಂಟರ್‌ನಲ್ಲಿರುವ FPS Limiter ಸಾಕು. ಆಟದೊಳಗೆ ಒಂದು, ರೇಡಿಯಾನ್ ಚಿಲ್ ಇನ್ನೊಂದು ಅಂತ ಎರಡು ಮೂರು ಕಡೆ ಹಾಕಿದರೆ ಅವು ಒಂದಕ್ಕೊಂದು ಅಡ್ಡ ಬಂದು ಫ್ರೇಮ್‌ಟೈಮ್ ಗೆರೆ ಗರಗಸದ ಹಲ್ಲಿನ ಹಾಗೆ ಆಗುತ್ತದೆ. ಮೀಟರ್ 40 ಅಂತಲೇ ತೋರಿಸುತ್ತಿರುತ್ತದೆ, ಆಟ ಮಾತ್ರ ನಡುಗುತ್ತಿರುತ್ತದೆ.

ನನ್ನ ಲೆಕ್ಕದಲ್ಲಿ ಭಾರವಾದ ಜಾಗದಲ್ಲೇ 13 ವ್ಯಾಟ್‌ಗೆ 44 ಬಂದಿತ್ತಲ್ಲ, 40ಕ್ಕೆ ಲಿಮಿಟ್ ಹಾಕಿದ ಮೇಲೆ ಸ್ವಲ್ಪ ಉಸಿರಾಡಲು ಜಾಗ ಸಿಕ್ಕಿತು. ಹಗುರ ಜಾಗಗಳಲ್ಲಿ ಚಿಪ್ 10–11 ವ್ಯಾಟ್‌ಗೆ ತಾನಾಗೇ ಇಳಿಯಿತು. ಒಟ್ಟು ಸರಾಸರಿ 19ರ ಹತ್ತಿರ ಅಂತಿಟ್ಟುಕೊಳ್ಳಿ. ಒಂದೂವರೆ ಗಂಟೆಗೆ 28.5 ವ್ಯಾಟ್-ಅವರ್. ವೈಟ್‌ಫೀಲ್ಡ್‌ನಲ್ಲಿ ಇಳಿಯುವಾಗ ಇನ್ನೂ 20 ಪರ್ಸೆಂಟ್ ಇರುತ್ತದೆ. ವಾಪಸ್ ಬರಲು ಆಫೀಸಿನಲ್ಲಿ ಚಾರ್ಜ್ ಹಾಕಲೇಬೇಕು, ಅದಕ್ಕೆ ಬೇರೆ ದಾರಿಯಿಲ್ಲ.

ನಿಮ್ಮ ಆಟಕ್ಕೆ ಈ ಜೋಡಿ ಸರಿಯಾಗಿದೆಯೋ ಇಲ್ಲವೋ ತಿಳಿಯಲು ಓವರ್‌ಲೇಯಲ್ಲಿ ಎರಡೇ ನಂಬರ್ ನೋಡಿ: ಚಿಪ್‌ನ ವ್ಯಾಟ್ ಮತ್ತು ಫ್ರೇಮ್. ಫ್ರೇಮ್ 40ಕ್ಕೆ ಅಂಟಿಕೊಂಡು, ವ್ಯಾಟ್ 13ಕ್ಕಿಂತ ಕೆಳಗೆ ಆಡುತ್ತಿದ್ದರೆ ಎಲ್ಲ ಸರಿ. ವ್ಯಾಟ್ ಸದಾ 13ಕ್ಕೆ ಬಡಿಯುತ್ತಿದೆ, ಫ್ರೇಮ್ 34–35ಕ್ಕೆ ಜಾರುತ್ತಿದೆ ಅಂದರೆ ಆಟಕ್ಕೆ ಶಕ್ತಿ ಸಾಲುತ್ತಿಲ್ಲ. ಆಗ ವ್ಯಾಟ್ ಏರಿಸಬೇಡಿ, ಅದನ್ನು ಬ್ಯಾಟರಿ ಆಗಲೇ ತೀರ್ಮಾನ ಮಾಡಿಬಿಟ್ಟಿದೆ. ನೆರಳಿನ ಸೆಟ್ಟಿಂಗ್ ಒಂದು ಹಂತ ಇಳಿಸಿ, ಅಥವಾ 720ಪಿಗೆ ಬನ್ನಿ. ಏಳಿಂಚಿನ ಪರದೆಯಲ್ಲಿ, ಅದೂ ಅಲ್ಲಾಡುವ ರೈಲಿನಲ್ಲಿ, ವ್ಯತ್ಯಾಸ ಅಷ್ಟಾಗಿ ಕಾಣುವುದಿಲ್ಲ.

ಇನ್ನೊಂದು ವಿಚಿತ್ರ ಪರಿಸ್ಥಿತಿ ಇದೆ. ವ್ಯಾಟ್ 13ಕ್ಕೆ ಬಡಿಯುತ್ತಿದೆ, ಫ್ರೇಮ್ ಬೀಳುತ್ತಿದೆ, ಆದರೆ ಸಿಪಿಯು ಗಡಿಯಾರ 4 ಗಿಗಾಹರ್ಟ್ಸ್ ಮೇಲೆ ಹಾರುತ್ತಿದೆ. ಇಲ್ಲಿ ಸಿಪಿಯು ಜಿಪಿಯುವಿನ ಊಟ ಕಸಿದು ತಿನ್ನುತ್ತಿದೆ. Z1 Extreme 5.1 ಗಿಗಾಹರ್ಟ್ಸ್ ತನಕ ಬೂಸ್ಟ್ ಆಗುತ್ತದೆ. ಕೈಯಲ್ಲಿ 13 ವ್ಯಾಟ್ ಇರುವಾಗ ಆ ಓಟ ಯಾರಿಗೂ ಬೇಕಿಲ್ಲ. ಬೂಸ್ಟ್ ಆರಿಸಿದರೆ ಅದು 3.3ರ ಆಸುಪಾಸಿನಲ್ಲಿ ನಿಲ್ಲುತ್ತದೆ, ಉಳಿದ ವ್ಯಾಟ್ ಜಿಪಿಯುಗೆ ಹೋಗುತ್ತದೆ. ನಿಮ್ಮ ಕಮಾಂಡ್ ಸೆಂಟರ್‌ನಲ್ಲೇ ಸಿಪಿಯು ಬೂಸ್ಟ್ ಬಟನ್ ಇದ್ದರೆ ಅದನ್ನೇ ಒತ್ತಿ. ಇಲ್ಲದಿದ್ದರೆ ಅಡ್ಮಿನ್ ಟರ್ಮಿನಲ್‌ನಲ್ಲಿ:

```
powercfg /qh SCHEME_CURRENT SUB_PROCESSOR PERFBOOSTMODE
powercfg /setdcvalueindex SCHEME_CURRENT SUB_PROCESSOR PERFBOOSTMODE 0
powercfg /setactive SCHEME_CURRENT
```

ಮೊದಲ ಸಾಲು ಈಗಿರುವ ನಂಬರ್ ತೋರಿಸುತ್ತದೆ, ಬರೆದಿಟ್ಟುಕೊಳ್ಳಿ. ಬೇಡವಾದಾಗ 0 ಬದಲು ಅದನ್ನೇ ವಾಪಸ್ ಹಾಕಬಹುದು. setdc ಅಂದರೆ ಬ್ಯಾಟರಿಯಲ್ಲಿ ಓಡುವಾಗ ಮಾತ್ರ. ಚಾರ್ಜರ್‌ನಲ್ಲೂ ಬೇಕಿದ್ದರೆ ಅದೇ ಸಾಲನ್ನು setacvalueindex ಅಂತ ಮಾಡಿ ಇನ್ನೊಮ್ಮೆ ಕೊಡಿ. ಪ್ರತಿ ಸಲ ಬದಲಿಸಿದ ಮೇಲೂ ಕೊನೆಯ setactive ಸಾಲು ಕೊಟ್ಟರೇ ಅದು ಜಾರಿಗೆ ಬರುವುದು. ಇದು ಎಲ್ಲ ಆಟಕ್ಕೂ ಒಗ್ಗುವುದಿಲ್ಲ. ಸಾವಿರ ಸೈನಿಕರನ್ನು ಓಡಿಸುವ ಸ್ಟ್ರಾಟೆಜಿ ಆಟಗಳಿಗೆ, ಎಮ್ಯುಲೇಟರ್‌ಗಳಿಗೆ ಸಿಪಿಯು ವೇಗವೇ ಮುಖ್ಯ. ಬೂಸ್ಟ್ ಆರಿಸಿದ ಮೇಲೆ ಜಿಪಿಯು ಬಳಕೆ 70–80 ಪರ್ಸೆಂಟಿಗೆ ಇಳಿದು ಫ್ರೇಮ್ ಕೂಡ ಬಿದ್ದರೆ, ಆ ಆಟಕ್ಕೆ ಬೂಸ್ಟ್ ಬೇಕು ಅಂತ ಅರ್ಥ. ವಾಪಸ್ ಹಾಕಿಬಿಡಿ.

ಇನ್ನು ಮನೆ, ರಾತ್ರಿ ಹನ್ನೊಂದು ಗಂಟೆ, ಪಕ್ಕದಲ್ಲಿ ಮಲಗಿದ ಮಗು.

ನನ್ನ ಮಗಳು ಚಿಕ್ಕವಳಿದ್ದಾಗ ನಾನೂ ಇದನ್ನೇ ಅನುಭವಿಸಿದ್ದೆ. ಒಂದು ರಾತ್ರಿ ಸುಮ್ನೆ ಕೂತು ಗಮನಿಸಿದೆ. ಅವಳು ಏಳುತ್ತಿದ್ದುದು ಫ್ಯಾನ್ ಸದ್ದಿಗಲ್ಲ, ಸದ್ದು ಬದಲಾಗುವುದಕ್ಕೆ. ಒಂದೇ ಸಮನೆ ಬರುವ ಸದ್ದಿಗೆ ಮಕ್ಕಳು ಹೊಂದಿಕೊಳ್ಳುತ್ತಾರೆ, ಸೀಲಿಂಗ್ ಫ್ಯಾನ್ ಕೆಳಗೆ ನಿದ್ದೆ ಮಾಡುವುದಿಲ್ಲವಾ? ಆಟದಲ್ಲಿ ಒಂದು ಮನೆಯೊಳಗೆ ಹೋದೆ, ಲೋಡಿಂಗ್ ಪರದೆ ಬಂತು. ನಾಲ್ಕೈದು ಸೆಕೆಂಡ್ ಚಿಪ್ 25 ವ್ಯಾಟ್ ದಾಟಿ ಜಿಗಿಯಿತು. 60 ಡಿಗ್ರಿ ಇದ್ದದ್ದು 78ಕ್ಕೆ ಹೋಯಿತು. ಫ್ಯಾನ್ ಝುಂ ಅಂತ ಎದ್ದಿತು. ಲೋಡಿಂಗ್ ಮುಗಿದರೂ ಅದು ಇಳಿಯಲು ಅರ್ಧ ನಿಮಿಷ ತೆಗೆದುಕೊಂಡಿತು. ಮುಂದಿನ ಬಾಗಿಲಿಗೆ ಮತ್ತೆ ಅದೇ. ಎರಡನೇ ಬಾಗಿಲಿಗೆ ಮಗಳು ಎದ್ದಳು.

ಇದಕ್ಕೆ ಕಾರಣ, ವ್ಯಾಟ್ ಮಿತಿ ಒಂದಲ್ಲ, ಮೂರು. ಮ್ಯಾನುಯಲ್ ಮೋಡ್‌ಗೆ ಹೋದರೆ ಕಾಣುತ್ತದೆ: SPL, SPPT, FPPT. ಮೊದಲನೆಯದು ಸದಾಕಾಲ ಕೊಡುವ ಶಕ್ತಿ. ಎರಡನೆಯದು ಸ್ವಲ್ಪ ಹೊತ್ತು ಕೊಡುವುದು. ಮೂರನೆಯದು ಕೆಲವೇ ಸೆಕೆಂಡಿನ ಜಿಗಿತಕ್ಕೆ. ಜನ SPL ಇಳಿಸಿ ಉಳಿದ ಎರಡನ್ನು ಮರೆತುಬಿಡುತ್ತಾರೆ. ಆಮೇಲೆ 15ಕ್ಕೆ ಇಟ್ಟರೂ ಫ್ಯಾನ್ ಕಿರುಚುತ್ತೆ ಅಂತ ತಲೆ ಕೆಡಿಸಿಕೊಳ್ಳುತ್ತಾರೆ. ಮೂರಕ್ಕೂ ಒಂದೇ ನಂಬರ್ ಕೊಡಿ. ನಿಮ್ಮ ಮೆಷಿನ್ FPPTಯನ್ನು ಅಷ್ಟು ಕೆಳಗೆ ಬಿಡದಿದ್ದರೆ ಅದು ಬಿಡುವಷ್ಟು ಕೆಳಗೆ ಇಡಿ. ಲೋಡಿಂಗ್ ಒಂದೆರಡು ಸೆಕೆಂಡ್ ತಡವಾಗಬಹುದು. ಮಗು ಎದ್ದರೆ ಆಗುವ ತಡದ ಮುಂದೆ ಅದು ಏನೂ ಅಲ್ಲ.

ರಾತ್ರಿಯ ನಂಬರ್ ಹುಡುಕುವುದು ಹೀಗೆ. 11 ವ್ಯಾಟ್‌ನಿಂದ ಶುರು ಮಾಡಿ, ಎರಡೆರಡು ಏರಿಸುತ್ತಾ ಹೋಗಿ. ಪ್ರತಿ ಸಲ ಹತ್ತು ನಿಮಿಷ ಆಡಿ. ಹೀಟ್‌ಸಿಂಕ್ ಪೂರ್ತಿ ಕಾಯಲು ಅಷ್ಟು ಹೊತ್ತು ಬೇಕು. ಎರಡೇ ನಿಮಿಷ ನೋಡಿ ಸದ್ದೇ ಇಲ್ಲ ಅಂದುಕೊಂಡರೆ ಮೋಸ ಹೋಗುತ್ತೀರಿ. ನನ್ನ ಕೋಣೆಯಲ್ಲಿ 15ರ ತನಕ ಚಿಪ್ 65 ಡಿಗ್ರಿ ಆಸುಪಾಸಿನಲ್ಲಿ ನಿಂತಿತು, ಸದ್ದು ಮೆಲ್ಲಗಿತ್ತು. 17ಕ್ಕೆ ಹೋದಾಗ ಸಣ್ಣ ಸಿಳ್ಳೆ ಶುರುವಾಯಿತು, ಅಲ್ಲಿಂದ ಹಿಂದೆ ಬಂದೆ.

ಆಮೇಲೆ ಫ್ಯಾನ್ ಕರ್ವ್. ಗೆರೆಯನ್ನು ಏಣಿಯ ಹಾಗೆ ಬರೆಯಬೇಡಿ, ಚಪ್ಪಟೆಯಾಗಿ ಬರೆಯಿರಿ. 50ರಿಂದ 72 ಡಿಗ್ರಿ ತನಕ ಒಂದೇ ವೇಗ. ನಿಮ್ಮ ಕಿವಿ ಒಪ್ಪುವ ವೇಗ ಯಾವುದೋ ಅದು. 75ರಿಂದ ನಿಧಾನವಾಗಿ ಏರಲಿ, 85ಕ್ಕೆ ಬರುವಷ್ಟರಲ್ಲಿ ಜೋರಾಗಲಿ. ಆ ಮೇಲಿನ ಭಾಗವನ್ನು ಯಾವ ಕಾರಣಕ್ಕೂ ಕೆಳಗೆ ಎಳೆಯಬೇಡಿ, ಅದು ಚಿಪ್ಪಿನ ರಕ್ಷಣೆಗೆ ಇರುವುದು. ಎರಡು ಫ್ಯಾನ್ ಇವೆ, ಎರಡಕ್ಕೂ ಇದೇ ಗೆರೆ ಹಾಕಿ.

ಫ್ರೇಮ್ ಲಿಮಿಟ್ ರಾತ್ರಿಗೆ 48. ಈ ಪರದೆಯಲ್ಲಿ ಫ್ರೇಮ್‌ಗೆ ತಕ್ಕ ಹಾಗೆ ಹರ್ಟ್ಸ್ ಬದಲಿಸುವ ವಿಆರ್‌ಆರ್ 48ರಿಂದ 120 ಹರ್ಟ್ಸ್ ತನಕ ಕೆಲಸ ಮಾಡುತ್ತದೆ, ಅದರ ಕೆಳಗಿನ ಅಂಚಿಗೆ ಸರಿಯಾಗಿ ಕೂರುತ್ತದೆ. ನನ್ನ ಲೆಕ್ಕದ 15 ವ್ಯಾಟ್‌ಗೆ 50 ಬಂದಿತ್ತು, ನೆರಳು ಒಂದು ಹಂತ ಇಳಿಸಿದರೆ ಧಾರಾಳವಾಗಿ ಸಾಕು.

ಬೆಂಗಳೂರಿನಲ್ಲಿ ಇದಕ್ಕೆ ಒಂದು ತಮಾಷೆ ಇದೆ. ಏಪ್ರಿಲ್‌ನಲ್ಲಿ ಕೋಣೆ ಕಾದಿರುತ್ತದೆ, ಮೆಷಿನ್ ಫ್ಯಾನ್ ಜಾಸ್ತಿ ತಿರುಗುತ್ತದೆ, ಆದರೆ ಸೀಲಿಂಗ್ ಫ್ಯಾನ್ ಸದ್ದು ಅದನ್ನು ನುಂಗಿಹಾಕುತ್ತದೆ. ಡಿಸೆಂಬರ್‌ನಲ್ಲಿ ಕೋಣೆ ತಣ್ಣಗಿರುತ್ತದೆ, ಮೆಷಿನ್ ಕೂಡ ತಣ್ಣಗೇ ಇರುತ್ತದೆ, ಆದರೆ ಕಿಟಕಿ ಮುಚ್ಚಿ ಸೀಲಿಂಗ್ ಫ್ಯಾನ್ ಆರಿಸಿದ ಮೇಲೆ ಅದೇ ಮೆಲ್ಲನೆಯ ಸದ್ದು ಸೊಳ್ಳೆಯ ಹಾಗೆ ಕಾಡುತ್ತದೆ. ನಾನು ಚಳಿಗಾಲದಲ್ಲಿ ಎರಡು ವ್ಯಾಟ್ ಇಳಿಸಿ, ಲಿಮಿಟ್ 40 ಮಾಡಿಕೊಳ್ಳುತ್ತೇನೆ. ಇನ್ನೊಂದು, ಗಾಳಿ ಒಳಗೆ ಹೋಗುವುದು ಹಿಂದಿನಿಂದ. ಹಾಸಿಗೆ ಮೇಲೆ ಹೊದಿಕೆಗೆ ಒರಗಿಸಿ ಆಡಿದರೆ ಮೇಲಿನ ಲೆಕ್ಕವೆಲ್ಲ ವ್ಯರ್ಥ. ಮೊದಲು 65ಕ್ಕೆ ನಿಲ್ಲುತ್ತಿದ್ದದ್ದು ಅದೇ ವ್ಯಾಟ್‌ಗೆ ಈಗ 75ಕ್ಕೆ ಹೋಗುತ್ತಿದೆ ಅಂತ ಕಂಡರೆ, ಆ ಹಿಂದಿನ ಜಾಲರಿಯಲ್ಲಿ ಧೂಳು ಕೂತಿರಬಹುದು. ನಮ್ಮ ಊರಲ್ಲಿ ಯಾವ ರಸ್ತೆಯಲ್ಲಿ ಅಗೆತ ಇಲ್ಲ ಹೇಳಿ. ಮೆಷಿನ್ ಆರಿಸಿ ಮೃದುವಾದ ಬ್ರಷ್‌ನಿಂದ ಜಾಲರಿ ಒರೆಸಿ ನೋಡಿ, ಬಿಚ್ಚುವ ಮಾತು ಆಮೇಲೆ.

ಎರಡೂ ಪ್ರೊಫೈಲ್ ಉಳಿಸಿಟ್ಟ ಮೇಲೆ ಒಂದು ಅಭ್ಯಾಸ ಮಾಡಿಕೊಳ್ಳಿ. ಸ್ಲೀಪ್‌ನಿಂದ ಎಬ್ಬಿಸಿದಾಗ, ಚಾರ್ಜರ್ ಹಾಕಿ ತೆಗೆದಾಗ ಮ್ಯಾನುಯಲ್ ನಂಬರ್‌ಗಳು ಕೆಲವು ಸಲ ಹಳೆಯದಕ್ಕೆ ಹೋಗಿಬಿಡುತ್ತವೆ, ಮೆನುವಿನಲ್ಲಿ ಮಾತ್ರ 13 ಅಂತಲೇ ತೋರಿಸುತ್ತಿರುತ್ತದೆ. ಕೆಂಗೇರಿಯಲ್ಲಿ ಸೀಟು ಸಿಕ್ಕಿ ಮೆಷಿನ್ ಹೊರಗೆ ತೆಗೆದಾಗ ಮೆನು ನಂಬಬೇಡಿ, ಓವರ್‌ಲೇ ನೋಡಿ. ಚಿಪ್ 18–20 ವ್ಯಾಟ್ ತೋರಿಸುತ್ತಿದ್ದರೆ ಬೇರೆ ಪ್ರೊಫೈಲ್‌ಗೆ ಹೋಗಿ ವಾಪಸ್ ಬನ್ನಿ. ಜ್ಞಾನಭಾರತಿ ಬರುವಷ್ಟರಲ್ಲಿ ಸರಿಹೋಗಿರುತ್ತದೆ.